ಮುಚ್ಚಿದ ಏಳು ದೂರು, ಸರಿಹೋಗದ ಒಂದೇ ಲೈನ್

ಪ್ರಶ್ನೆ: ಅರಸೀಕೆರೆ ಸಮೀಪದ ಊರಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದೇನೆ. ಫೈಬರ್ ಇಂಟರ್ನೆಟ್ ಇದೆ. ಜನವರಿಯಿಂದ ದಿನಕ್ಕೆ ಒಂದೆರಡು ಸಲ ಲೈನ್ ಕಟ್ ಆಗಿ, ನಾಲ್ಕೈದು ನಿಮಿಷ ಬಿಟ್ಟು ತಾನೇ ಬರುತ್ತದೆ. ಅಷ್ಟರಲ್ಲಿ ಗಿರಾಕಿಯ ಒಟಿಪಿ ಅವಧಿ ಮುಗಿದು, ತುಂಬಿದ ಅರ್ಜಿ ಮತ್ತೆ ಮೊದಲಿನಿಂದ ತುಂಬಬೇಕು. ಏಳು ಸಲ ದೂರು ಕೊಟ್ಟೆ. ಏಳು ಸಲವೂ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಮೆಸೇಜು. ಸ್ಪೀಡ್ ಟೆಸ್ಟ್ ಫೋಟೋ ಕಳಿಸಿದರೆ ‘ಸ್ಪೀಡ್ ಚೆನ್ನಾಗೇ ಇದೆಯಲ್ಲ ಸರ್’ ಅನ್ನುತ್ತಾರೆ. ಕಂಪನಿಗೆ ಏನೆಂದು ಪತ್ರ ಬರೆಯಲಿ? — ಹೆಸರು ಬೇಡವೆಂದ ಓದುಗರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಮೊದಲ ಪತ್ರ ಬಂದಾಗ ಕೆಲವು ಪರೀಕ್ಷೆಗಳನ್ನು ಆರು ದಿನ ನಡೆಸಿ ಕಳಿಸಿ ಎಂದು ಕೇಳಿಕೊಂಡಿದ್ದೆ. ಅಂಗಡಿಯ ಗಡಿಬಿಡಿಯ ನಡುವೆಯೂ ನೀಟಾಗಿ ಮಾಡಿ ಕಳಿಸಿದ್ದೀರಿ. ಇದೇ ತೊಂದರೆ ಇರುವ ಇನ್ನೂ ಅನೇಕರಿಗೆ ಅನುಕೂಲವಾಗಲಿ ಎಂದು ನಿಮ್ಮ ಒಪ್ಪಿಗೆ ಪಡೆದು ಆ ಲೆಕ್ಕವನ್ನೇ ಇಟ್ಟುಕೊಂಡು ಉತ್ತರಿಸುತ್ತಿದ್ದೇನೆ.

ಮೊದಲು, ದೂರು ಯಾಕೆ ಮುಚ್ಚಿಹೋಗುತ್ತದೆ ಎಂಬುದನ್ನು ನೋಡೋಣ. ನೀವು ಫೋನ್ ಮಾಡುವ ಹೊತ್ತಿಗೆ ಲೈನ್ ಬಂದಿರುತ್ತದೆ. ಅತ್ತ ಕುಳಿತವರು ತಮ್ಮ ಪರದೆಯಲ್ಲಿ ನೋಡಿದರೆ ಸಂಪರ್ಕ ಇದೆ ಎಂದೇ ಕಾಣುತ್ತದೆ, ದೂರು ಮುಚ್ಚುತ್ತಾರೆ. ಟ್ರಾಯ್ ಗುಣಮಟ್ಟದ ನಿಯಮಗಳೂ ಒಂದು ದೋಷವನ್ನು ಎಷ್ಟು ದಿನದಲ್ಲಿ ಸರಿಪಡಿಸಿದರು ಎಂದು ನೋಡುತ್ತವೆ. ನಾಲ್ಕು ನಿಮಿಷದಲ್ಲಿ ತಾನೇ ಸರಿಯಾಗುವ ದೋಷ ಆ ಲೆಕ್ಕದಲ್ಲಿ ಅದೇ ದಿನ ಸರಿಹೋದ ದೋಷ. ಆದ್ದರಿಂದ ನಿಮ್ಮ ಪತ್ರ ಎಂಟನೆಯ ದೂರು ಆಗಬಾರದು. ಮುಚ್ಚಿದ ಆ ಏಳೂ ಬೇರೆ ಬೇರೆ ದೂರುಗಳಲ್ಲ, ಇನ್ನೂ ಸರಿಹೋಗದ ಒಂದೇ ದೋಷ ಎಂದು ಅದು ತೋರಿಸಿಕೊಡಬೇಕು. ಹಾಗೆ ತೋರಿಸಲು ಕೋಪದ ಮಾತು ಸಾಲದು, ಲೈನಿನದೇ ಸಾಕ್ಷಿ ಬೇಕು.

ಸ್ಪೀಡ್ ಟೆಸ್ಟ್ ಆ ಸಾಕ್ಷಿ ಅಲ್ಲ. ಅದು ಲೈನ್ ಇದ್ದಾಗ ಎಷ್ಟು ವೇಗ ಎಂದಷ್ಟೇ ಹೇಳುತ್ತದೆ. ನೀವು ಕಳಿಸಿದ ಫೋಟೋಗಳು ಅವರ ವಾದಕ್ಕೇ ಬಲ ಕೊಟ್ಟಿವೆ. ಪತ್ರದ ಜೊತೆ ಅವನ್ನು ಲಗತ್ತಿಸಬೇಡಿ.

ಬೇಕಾದ ಪರೀಕ್ಷೆ ಪಿಂಗ್. ಕಂಪ್ಯೂಟರು ಒಂದು ವಿಳಾಸಕ್ಕೆ ಸೆಕೆಂಡಿಗೊಮ್ಮೆ ‘ಇದ್ದೀಯಾ’ ಎಂದು ಕೇಳುತ್ತದೆ, ಅದು ‘ಇದ್ದೇನೆ’ ಎನ್ನುತ್ತದೆ. ಒಂದೇ ವಿಳಾಸವನ್ನು ಕೇಳಿದರೆ ಕಟ್ ಆದದ್ದು ಗೊತ್ತಾಗುತ್ತದೆ, ಎಲ್ಲಿ ಕಟ್ ಆಯಿತು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೇ ಮೂರು ವಿಳಾಸಗಳನ್ನು ಒಟ್ಟಿಗೆ ಕೇಳಲು ಹೇಳಿದ್ದು: ಅಂಗಡಿಯಲ್ಲೇ ಇರುವ ಮೋಡೆಮ್, ಕಂಪನಿಯ ಮೊದಲ ಗೇಟ್‌ವೇ, ಹೊರಗಿನ ಒಂದು ದೊಡ್ಡ ಸರ್ವರ್. ಕಂಪನಿಯ ಗೇಟ್‌ವೇ ವಿಳಾಸ ತಿಳಿಯಲು `tracert -d 8.8.8.8` ಎಂದು ಕೊಟ್ಟರೆ ಸಾಕು. ಮೊದಲ ಸಾಲು ನಿಮ್ಮ ಮೋಡೆಮ್, ಎರಡನೆಯದು ಅವರದು. ಕೆಲವು ಕಂಪನಿಗಳ ಗೇಟ್‌ವೇ ಪಿಂಗ್‌ಗೆ ಉತ್ತರಿಸುವುದಿಲ್ಲ. ಆಗ ಮೂರನೆಯ ಸಾಲಿನ ವಿಳಾಸ ಹಿಡಿಯಿರಿ. ವಿಂಡೋಸ್‌ನ ಪಿಂಗ್ ಸಮಯವನ್ನು ಬರೆಯುವುದಿಲ್ಲ, ಸಮಯವಿಲ್ಲದ ಲಾಗ್ ಪತ್ರಕ್ಕೆ ಪ್ರಯೋಜನವಿಲ್ಲ. ಆದ್ದರಿಂದ ಪವರ್‌ಶೆಲ್ ತೆರೆದು ಹೀಗೆ ಕೊಡಬೇಕು:

```
ping -t 192.168.1.1 | % { "$(Get-Date -f 'dd-MM-yyyy HH:mm:ss') $_" } | Tee-Object -Append modem.txt
```

ಇನ್ನೆರಡು ಕಿಟಕಿ ತೆರೆದು ವಿಳಾಸವನ್ನೂ ಫೈಲಿನ ಹೆಸರನ್ನೂ ಬದಲಿಸಿ ಇದನ್ನೇ ಕೊಡಿ. ಕಂಪ್ಯೂಟರಿನಿಂದ ಮೋಡೆಮ್‌ಗೆ ವೈಫೈ ಬೇಡ, ಲ್ಯಾನ್ ವೈರ್ ಇರಲಿ. ಇಲ್ಲದಿದ್ದರೆ ‘ನಿಮ್ಮ ವೈಫೈ ವೀಕ್ ಸರ್’ ಎಂಬ ಒಂದೇ ಮಾತಿಗೆ ಎಲ್ಲವೂ ಬಿದ್ದುಹೋಗುತ್ತದೆ. ಕಂಪ್ಯೂಟರ್ ಸ್ಲೀಪ್‌ಗೆ ಹೋಗದಂತೆಯೂ ನೋಡಿಕೊಳ್ಳಿ.

ಈಗ ನಿಮ್ಮ ಲಾಗ್ ನೋಡೋಣ. ಮಾರ್ಚ್ 5, ಬುಧವಾರ ಮಧ್ಯಾಹ್ನ, ಗೇಟ್‌ವೇ ಫೈಲಿನಲ್ಲಿ:

```
05-03-2025 14:12:07 Reply from 100.72.0.1: bytes=32 time=4ms TTL=254
05-03-2025 14:12:12 Request timed out.
05-03-2025 14:12:17 Request timed out.
05-03-2025 14:12:22 Request timed out.
05-03-2025 14:12:23 Reply from 192.168.1.1: Destination net unreachable.
```

ಕೊನೆಯ ಸಾಲನ್ನು ಗಮನಿಸಿ. ಗೇಟ್‌ವೇಯನ್ನು ಕೇಳಿದ್ದಕ್ಕೆ ನಿಮ್ಮ ಮೋಡೆಮ್ಮೇ ‘ಆ ಕಡೆಗೆ ದಾರಿ ಇಲ್ಲ’ ಎಂದು ಉತ್ತರ ಕೊಟ್ಟಿದೆ. ಅಂದರೆ ಮೋಡೆಮ್‌ಗೆ ಕರೆಂಟ್ ಇತ್ತು, ವೈರ್ ಸರಿ ಇತ್ತು, ಕಂಪ್ಯೂಟರ್ ಸರಿ ಇತ್ತು. ಅದೇ ಹೊತ್ತಿನ ಮೋಡೆಮ್ ಫೈಲಿನಲ್ಲಿ ಒಂದು ಉತ್ತರವೂ ತಪ್ಪಿಲ್ಲ. ಹೊರಗಿನ ಸರ್ವರಿನ ಫೈಲು ಗೇಟ್‌ವೇ ಜೊತೆಗೇ ನಿಂತು ಜೊತೆಗೇ ಶುರುವಾಗಿದೆ. ತುಂಡಾದದ್ದು ಮೋಡೆಮ್‌ಗೂ ಕಂಪನಿಯ ಮೊದಲ ಗೇಟ್‌ವೇಗೂ ನಡುವೆ. ಗೇಟ್‌ವೇ ಉತ್ತರಿಸುತ್ತಾ ಹೊರಗಿನ ಸರ್ವರ್ ಮಾತ್ರ ನಿಂತಿದ್ದರೆ ತೊಂದರೆ ಕಂಪನಿಯ ಒಳಗಿನ ಜಾಲದ್ದು, ಲೈನ್‌ಮ್ಯಾನ್ ಬಂದು ಫಲವಿರುತ್ತಿರಲಿಲ್ಲ. ಮೂರೂ ಒಟ್ಟಿಗೆ ನಿಂತಿದ್ದರೆ ಕಾರಣ ಅಂಗಡಿಯೊಳಗೇ ಇರುತ್ತಿತ್ತು.

ಮಾರ್ಚ್ 7ರ ಬೆಳಗ್ಗೆ 10:05ರದ್ದು ಅಂಥದೇ. ನೀವು ಬರೆದ ಹತ್ತು ಕಡಿತಗಳಲ್ಲಿ ಅದೊಂದರಲ್ಲಿ ಮೋಡೆಮ್ ಕೂಡ ಉತ್ತರಿಸಿಲ್ಲ. ಅಡಾಪ್ಟರ್ ಸಡಿಲವಾಗಿರಬಹುದು, ಕರೆಂಟ್ ಹೋಗಿ ಯುಪಿಎಸ್ ಹಿಡಿಯದೆ ಇರಬಹುದು. ಅದನ್ನು ಪಟ್ಟಿಯಿಂದ ತೆಗೆಯಿರಿ. ತಮ್ಮದಲ್ಲದ ಒಂದು ಕಡಿತ ಪಟ್ಟಿಯಲ್ಲಿ ಸಿಕ್ಕಿದರೆ ಅವರು ಉಳಿದ ಒಂಬತ್ತನ್ನೂ ಅದರ ಜೊತೆ ಗುಡಿಸಿ ಹಾಕುತ್ತಾರೆ.

ಮುಂದಿನದು ಬೆಳಕಿನ ಲೆಕ್ಕ. ನಿಮ್ಮ ವಿಷಯದಲ್ಲಿ ಇದೇ ಮುಖ್ಯ. ಫೈಬರಿನಲ್ಲಿ ಬರುವುದು ಬೆಳಕು. ಅದು ಮೋಡೆಮ್‌ಗೆ ಎಷ್ಟು ಮುಟ್ಟುತ್ತಿದೆ ಎಂಬುದನ್ನು ಮೋಡೆಮ್ಮೇ ಅಳೆದಿಟ್ಟುಕೊಂಡಿರುತ್ತದೆ. ಬ್ರೌಸರಿನಲ್ಲಿ `192.168.1.1` ಕೊಟ್ಟು, ಮೋಡೆಮ್ ತಳದ ಸ್ಟಿಕ್ಕರಿನಲ್ಲಿರುವ ಹೆಸರು, ಪಾಸ್‌ವರ್ಡ್ ಹಾಕಿದರೆ ಸ್ಟೇಟಸ್ ಪುಟದಲ್ಲಿ `Rx Optical Power` ಎಂಬ ಸಾಲು ಸಿಗುತ್ತದೆ. ಕೆಲವು ಮೋಡೆಮ್‌ಗಳಲ್ಲಿ ಆ ಪುಟವನ್ನು ಗ್ರಾಹಕರಿಗೆ ತೋರಿಸುವುದಿಲ್ಲ. ಆಗ ಲೈನ್‌ಮ್ಯಾನ್ ಬಳಿಯ ಪವರ್ ಮೀಟರಿನ ಫೋಟೋ ತೆಗೆದುಕೊಳ್ಳಿ. ಅಂಕಿ ಡಿಬಿಎಂನಲ್ಲಿ, ಮೈನಸ್‌ನಲ್ಲಿ ಇರುತ್ತದೆ. ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ. 3 ಅಂಕಿ ಇಳಿದರೆ ಬೆಳಕು ಅರ್ಧ, 6 ಇಳಿದರೆ ಕಾಲು ಭಾಗ. ನಮ್ಮಲ್ಲಿ ಮನೆ, ಅಂಗಡಿಗಳಿಗೆ ಹಾಕುವ ಜಿ‌ಪಾನ್ ಫೈಬರಿನ ಸಾಮಾನ್ಯ ಮೋಡೆಮ್ −27ರವರೆಗೆ ಓದಬಲ್ಲದು ಎಂದು ಲೆಕ್ಕ. ಅದಕ್ಕಿಂತ ಕೆಳಗಿಳಿದರೆ ಮೋಡೆಮ್ಮಿನ `LOS` ದೀಪ ಕೆಂಪಗೆ ಮಿನುಗಿ ಸಂಪರ್ಕ ಬಿಡುತ್ತದೆ.

ನಿಮ್ಮ ಅಂಕಿ ನೋಡಿ. ಸಂಪರ್ಕ ಕೊಟ್ಟ ದಿನ ಲೈನ್‌ಮ್ಯಾನ್ ವಾಟ್ಸಾಪಿನಲ್ಲಿ ಕಳಿಸಿದ ಮೀಟರಿನ ಫೋಟೋದಲ್ಲಿ −20.8. ಅದನ್ನು ಅಳಿಸದೆ ಇಟ್ಟುಕೊಂಡಿದ್ದೀರಿ, ನಿಮ್ಮ ಬಳಿ ಇರುವ ಅತಿ ಬೆಲೆಬಾಳುವ ದಾಖಲೆ ಅದೇ. ಈ ಮಾರ್ಚಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ −24.3. ಕಟ್ ಆಗಿ ಮತ್ತೆ ಬಂದ ಕೂಡಲೇ ನೋಡಿದಾಗ −26.9. ಬೆಳಗ್ಗೆಯೇ ಮೊದಲಿನ ಅರ್ಧಕ್ಕಿಂತ ಕಡಿಮೆ ಬೆಳಕು, ಮಧ್ಯಾಹ್ನ ಕಾಲು ಭಾಗ. ಮಿತಿಯ ಅಂಚಿನಲ್ಲಿ ನಿಂತಿರುವುದರಿಂದಲೇ ಲೈನ್ ಹೋಗಿ ಬಂದು ಮಾಡುತ್ತಿದೆ, ಇದ್ದಾಗ ಸ್ಪೀಡೂ ಚೆನ್ನಾಗಿ ಸಿಗುತ್ತಿದೆ. ಫೈಬರ್ ಪೂರ್ತಿ ತುಂಡಾಗಿದ್ದರೆ ಬರುತ್ತಲೇ ಇರಲಿಲ್ಲ.

ಉಳಿದ ಒಂಬತ್ತು ಕಡಿತಗಳೂ ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕೂವರೆಯೊಳಗೆ ಆಗಿವೆ. ಕಂಬದ ಪೆಟ್ಟಿಗೆಯಲ್ಲಿನ ಕನೆಕ್ಟರ್ ಸಡಿಲವಾಗಿ ಬಿಸಿಲಿಗೆ ಅಲುಗುವುದು, ಯಾವುದೋ ತಗಡಿನ ಅಂಚಿಗೆ ಫೈಬರ್ ಬಾಗಿ ಕೂರುವುದು, ಜಾಯಿಂಟ್ ಹದಗೆಡುವುದು, ಯಾವುದೂ ಇರಬಹುದು. ನೀವು ಅದನ್ನು ಪತ್ರದಲ್ಲಿ ಊಹಿಸಬೇಡಿ. ಅಂಗಡಿಯಲ್ಲಿ ಕೂತು ನಡೆಸಿದ ಪರೀಕ್ಷೆ ‘ಬೆಳಕು ಕಡಿಮೆಯಾಗಿದೆ’ ಎಂದು ಹೇಳಬಲ್ಲದು, ಎಲ್ಲಿ ಎಂದು ಹೇಳಲಾರದು. ಅದನ್ನು ಹುಡುಕುವುದು ಅವರ ಕೆಲಸ.

ಆದರೆ ಪತ್ರ ಕಳಿಸುವ ಮುಂಚೆ ನಿಮ್ಮ ಗೋಡೆಯೊಳಗಿನ ಭಾಗವನ್ನು ನೋಡಿಬಿಡಿ. ಗೋಡೆಯ ಪೆಟ್ಟಿಗೆಯಿಂದ ಮೋಡೆಮ್‌ಗೆ ಬರುವ ತೆಳ್ಳನೆಯ ಫೈಬರ್ ಎಲ್ಲಾದರೂ ಮಡಚಿಕೊಂಡಿದೆಯೇ, ಜೆರಾಕ್ಸ್ ಮೆಷಿನ್ನಿನ ಹಿಂದೆ ಸಿಕ್ಕಿ ಒತ್ತಿಕೊಂಡಿದೆಯೇ, ಶಟರ್ ಎಳೆದಾಗ ಉಜ್ಜುತ್ತದೆಯೇ ನೋಡಿ. ಸುತ್ತಿಟ್ಟಿದ್ದರೆ ಸುರುಳಿ ಅಂಗೈ ಅಗಲಕ್ಕಿಂತ ಚಿಕ್ಕದಾಗಿರಬಾರದು. ಹಸಿರು ಕನೆಕ್ಟರನ್ನು ಬಿಚ್ಚಿ ಒರೆಸಲು ಹೋಗಬೇಡಿ. ಬೆರಳಿನ ಜಿಡ್ಡು ತಾಗಿದರೆ ಬೆಳಕು ಇನ್ನೂ ಕಡಿಮೆಯಾಗುತ್ತದೆ. ಬಿಚ್ಚಿದ ತುದಿಯೊಳಗೆ ಇಣುಕಲೇಬಾರದು, ಅದು ಕಣ್ಣಿಗೆ ಕಾಣದ ಲೇಸರ್. ನಿಮ್ಮಲ್ಲಿ ಸುರುಳಿಯನ್ನು ಸಡಿಲ ಮಾಡಿದ ಮೇಲೂ −24.3 ಬದಲಾಗಲಿಲ್ಲ ಎಂದು ಬರೆದಿದ್ದೀರಿ. ಅದೂ ಪತ್ರದಲ್ಲಿ ಒಂದು ಸಾಲಾಗಿ ಬರಲಿ.

ಇನ್ನೊಂದು ಸಣ್ಣ ಸಾಕ್ಷಿ ಮೋಡೆಮ್ಮಿನ ಅದೇ ಸ್ಟೇಟಸ್ ಭಾಗದಲ್ಲಿದೆ. ಮೋಡೆಮ್ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬುದು ಒಂದು ಕಡೆ, ಇಂಟರ್ನೆಟ್ ಸಂಪರ್ಕ ಸಿಕ್ಕಿ ಎಷ್ಟು ಹೊತ್ತಾಯಿತು ಎಂಬುದು ಇನ್ನೊಂದು ಕಡೆ. ನಿಮ್ಮ ಫೋಟೋದಲ್ಲಿ ಮೊದಲನೆಯದು ಒಂದು ದಿನ ದಾಟಿದೆ, ಎರಡನೆಯದು ಆರು ನಿಮಿಷ. ‘ನೀವೇ ಸ್ವಿಚ್ ಆಫ್ ಮಾಡಿರಬೇಕು’ ಎನ್ನುವವರಿಗೆ ಈ ಒಂದು ಫೋಟೋ ಸಾಕು.

ಪತ್ರ ಹೀಗಿರಲಿ:

ಇವರಿಗೆ: ದೂರು ಕೇಂದ್ರದ ಮುಖ್ಯಸ್ಥರು, … (ಕಂಪನಿಯ ಹೆಸರು, ವಿಳಾಸ)

ಇವರಿಂದ: … (ಹೆಸರು, ಅಂಗಡಿ, ಗ್ರಾಹಕ ಸಂಖ್ಯೆ, ಮೊಬೈಲ್)

ವಿಷಯ: ಫೈಬರ್ ಲೈನಿನಲ್ಲಿ ಬೆಳಕಿನ ಮಟ್ಟ ಕುಸಿದು ಪದೇ ಪದೇ ಸಂಪರ್ಕ ಕಡಿತ, ಮುಚ್ಚಲಾದ ಏಳು ದೂರುಗಳನ್ನು ಒಂದೇ ಬಾಕಿ ದೋಷವೆಂದು ಪರಿಗಣಿಸಲು ಕೋರಿಕೆ.

ಮಾನ್ಯರೇ,

ಮೇಲಿನ ಸಂಖ್ಯೆಯ ಸಂಪರ್ಕ ಜನವರಿಯಿಂದ ಹಗಲು ಹೊತ್ತಿನಲ್ಲಿ ಪದೇ ಪದೇ ಕಡಿತವಾಗುತ್ತಿದೆ. ಈ ಬಗ್ಗೆ ನಾನು ನೀಡಿದ ಏಳು ದೂರುಗಳ ಡಾಕೆಟ್ ಸಂಖ್ಯೆ ಮತ್ತು ದಿನಾಂಕ ಲಗತ್ತಿಸಿದ್ದೇನೆ. ಏಳನ್ನೂ ಪರಿಹಾರವಾಗಿದೆ ಎಂದು ಮುಚ್ಚಲಾಗಿದೆ. ತೊಂದರೆ ಹಾಗೆಯೇ ಇದೆ.

ಮಾರ್ಚ್ 3ರಿಂದ 8ರವರೆಗೆ ಕಂಪ್ಯೂಟರನ್ನು ಲ್ಯಾನ್ ವೈರಿನಿಂದ ಮೋಡೆಮ್‌ಗೆ ಜೋಡಿಸಿ, ಮೋಡೆಮ್, ನಿಮ್ಮ ಗೇಟ್‌ವೇ 100.72.0.1 ಮತ್ತು 8.8.8.8, ಈ ಮೂರಕ್ಕೂ ಏಕಕಾಲಕ್ಕೆ ಪಿಂಗ್ ನಡೆಸಿದ್ದೇನೆ. ಕೆಳಗಿನ ಒಂಬತ್ತು ಸಂದರ್ಭಗಳಲ್ಲಿ ಮೋಡೆಮ್ ನಿರಂತರ ಉತ್ತರಿಸಿದೆ. ನಿಮ್ಮ ಗೇಟ್‌ವೇ ಮತ್ತು 8.8.8.8 ಒಟ್ಟಿಗೆ ನಿಂತಿವೆ.

ಮಾರ್ಚ್ 3: 11:42–11:46, 15:08–15:11
ಮಾರ್ಚ್ 4: 14:31–14:39
ಮಾರ್ಚ್ 5: 14:12–14:17, 16:20–16:22
ಮಾರ್ಚ್ 6: 12:55–13:01
ಮಾರ್ಚ್ 7: 15:40–15:44
ಮಾರ್ಚ್ 8: 11:17–11:20, 14:49–14:54

ನಾನು ಮೋಡೆಮ್ ಬಳಿ ಇದ್ದು ನೋಡಿದಾಗಲೆಲ್ಲ LOS ದೀಪ ಕೆಂಪಗೆ ಮಿನುಗುತ್ತಿತ್ತು. ಮೋಡೆಮ್ ತೋರಿಸಿದ ಬೆಳಕಿನ ಮಟ್ಟ: ಮಾರ್ಚ್ 5ರ ಬೆಳಗ್ಗೆ 9ಕ್ಕೆ −24.3 ಡಿಬಿಎಂ, ಅದೇ ದಿನ 14:18ಕ್ಕೆ −26.9 ಡಿಬಿಎಂ. ಸಂಪರ್ಕ ನೀಡಿದ ದಿನ ನಿಮ್ಮ ಸಿಬ್ಬಂದಿ ಅಳೆದದ್ದು −20.8 ಡಿಬಿಎಂ. ಅಂಗಡಿಯೊಳಗಿನ ಫೈಬರನ್ನು ಮಡಿಕೆ ಇಲ್ಲದಂತೆ ಸಡಿಲಗೊಳಿಸಿದ ಮೇಲೂ ಮಟ್ಟದಲ್ಲಿ ಬದಲಾವಣೆ ಇಲ್ಲ.

ಅಂಗಡಿಯನ್ನು ನಾನೇ ಕೂತು ನಡೆಸುತ್ತೇನೆ, ಇದೇ ನನ್ನ ಜೀವನೋಪಾಯ. ಪ್ರತಿ ಕಡಿತದಲ್ಲೂ ನಡೆಯುತ್ತಿರುವ ಅರ್ಜಿ ಅಥವಾ ಹಣ ಪಾವತಿ ಅರ್ಧಕ್ಕೆ ನಿಲ್ಲುತ್ತದೆ.

ಕಂಬದ ಪೆಟ್ಟಿಗೆಯಲ್ಲಿ ಮತ್ತು ನನ್ನ ಅಂಗಡಿಯಲ್ಲಿ, ಎರಡೂ ಕಡೆ ಮಧ್ಯಾಹ್ನದ ಹೊತ್ತು ಬೆಳಕಿನ ಮಟ್ಟ ಅಳೆಸಿ, ದೋಷ ಸರಿಪಡಿಸಿ, ಸರಿಪಡಿಸಿದ ನಂತರದ ಅಳತೆಯನ್ನು ನನಗೆ ಲಿಖಿತವಾಗಿ ತಿಳಿಸಿ. ಆ ಅಳತೆ ಸಿಗುವವರೆಗೆ ಈ ದೂರನ್ನು ಮುಚ್ಚಬಾರದೆಂದು ಕೋರುತ್ತೇನೆ. ಇದರ ಹೊಸ ಡಾಕೆಟ್ ಸಂಖ್ಯೆ ತಿಳಿಸಿ.

ಲಗತ್ತು: ಡಾಕೆಟ್ ಪಟ್ಟಿ, ಮೂರು ಪಿಂಗ್ ಫೈಲುಗಳು, ಬೆಳಕಿನ ಮಟ್ಟದ ಮೂರು ಫೋಟೋ, ಮೋಡೆಮ್ ಆನ್ ಇದ್ದ ಅವಧಿಯ ಫೋಟೋ.

ಪತ್ರ ಇಷ್ಟೇ. ಇದರಲ್ಲಿ ಒಟ್ಟು ನಿಮಿಷಗಳನ್ನು ಹಾಕಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಒಂಬತ್ತೂ ಸೇರಿ ಆಗುವುದು 40 ನಿಮಿಷ. ಆರು ದಿನದ ಅಂಗಡಿ ಸಮಯದಲ್ಲಿ ಅದು ಶೇಕಡಾ ಒಂದರಷ್ಟು. ‘ಶೇಕಡಾ 99 ಸರಿ ಇದೆ’ ಎಂಬ ಉತ್ತರವನ್ನು ನೀವೇ ಅವರ ಕೈಗೆ ಕೊಟ್ಟಂತಾಗುತ್ತದೆ. ನಿಮಗಾದ ತೊಂದರೆ ನಿಮಿಷಗಳದ್ದಲ್ಲ, ಒಂಬತ್ತು ಸಲ ಕೆಲಸ ಕೆಟ್ಟದ್ದು. ಎರಡು ನಿಮಿಷದ ಕಡಿತವೂ ಒಂದು ಒಟಿಪಿಯನ್ನು ಕೊಲ್ಲಲು ಸಾಕು. ನಷ್ಟ ಇಷ್ಟು ಸಾವಿರ ಎಂದು ಅಂದಾಜು ಬರೆಯುವುದೂ ಈಗ ಬೇಡ. ರಸೀದಿ ಇಲ್ಲದ ಮೊತ್ತ ಬರೆದರೆ ಚರ್ಚೆ ಫೈಬರ್ ಬಿಟ್ಟು ಆ ಮೊತ್ತದ ಮೇಲೆ ಹೋಗುತ್ತದೆ.

‘ನಾನೇ ಕೂತು ನಡೆಸುತ್ತೇನೆ’ ಎಂಬ ಸಾಲನ್ನು ತೆಗೆಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರನ್ನು ಗ್ರಾಹಕರ ಪಟ್ಟಿಯಿಂದ ಹೊರಗಿಡುತ್ತದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡು ಬಳಸಿದ ಸರಕನ್ನು ವ್ಯಾಪಾರದ ಉದ್ದೇಶವೆಂದು ಎಣಿಸುವುದಿಲ್ಲ, ಸೇವೆಗೂ ಅದೇ ಅಳತೆ ಎಂದು ವಾದಿಸಲು ಈ ಸಾಲು ಬೇಕು. ಮುಂದೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ಪ್ರಸಂಗ ಬಂದರೆ ಮೊದಲ ಆಕ್ಷೇಪಣೆ ಇಲ್ಲೇ ಏಳುವುದು. ಟೆಲಿಕಾಂ ದೂರುಗಳನ್ನು ಗ್ರಾಹಕರ ಆಯೋಗ ಕೇಳಬಹುದೇ ಎಂಬ ಹಳೆಯ ಗೊಂದಲವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ, ಕೇಳಬಹುದು ಎಂದು ತೀರ್ಪು ಕೊಟ್ಟು ಬಗೆಹರಿಸಿದೆ.

ಆದರೆ ಅಲ್ಲಿಗೆ ನೇರ ಓಡಬೇಡಿ. ಪತ್ರವನ್ನು ಕಂಪನಿಯ ದೂರು ಕೇಂದ್ರಕ್ಕೆ ಇಮೇಲ್ ಮಾಡಿ, ಮುದ್ರಿತ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಊರಿನ ಕೇಬಲ್ ಆಪರೇಟರ್ ಮೂಲಕ ಸಂಪರ್ಕ ಪಡೆದಿದ್ದರೆ ಅವರಿಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ. ಆಪರೇಟರ್ ಜೊತೆ ಜಗಳ ಬೇಡ. ಎಷ್ಟೋ ಸಲ ಕಂಪನಿಯವರು ಅವರ ಮಾತನ್ನೂ ಕೇಳದೆ ಇರುವಾಗ ನಿಮ್ಮ ಪತ್ರವೇ ಅವರಿಗೂ ಆಧಾರವಾಗುತ್ತದೆ. ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ, ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು. ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನಿಸಬೇಕು. ಟ್ರಾಯ್‌ಗೇ ಬರೆದರೆ ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ತಾನೇ ವಿಚಾರಿಸುವುದಿಲ್ಲ. ಮೇಲ್ಮನವಿಯ ನಂತರದ ದಾರಿ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗ, ಅಥವಾ ಗ್ರಾಹಕರ ಆಯೋಗ. ಪಿಂಗ್ ಫೈಲುಗಳನ್ನು ತಿದ್ದದೆ, ಹೆಸರೂ ಬದಲಿಸದೆ, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಟ್ಟಿರಿ. ಕಂಪ್ಯೂಟರಿನ ದಾಖಲೆಯನ್ನು ಆಯೋಗಕ್ಕೆ ಕೊಡುವಾಗ ಅದು ಎಲ್ಲಿಂದ, ಹೇಗೆ ಬಂತೆಂಬ ಪ್ರಮಾಣಪತ್ರ ಕೇಳುತ್ತಾರೆ, ಆಗ ಮೂಲ ಫೈಲ್ ಬೇಕಾಗುತ್ತದೆ.

ಇಷ್ಟೆಲ್ಲ ಬೇಕಾಗಲಾರದು ಎಂದು ನನ್ನ ನಂಬಿಕೆ. ಬೆಳಕಿನ ಅಂಕಿ ಇರುವ ಪತ್ರ ದೂರು ಕೇಂದ್ರದ ಮೇಜಿನಲ್ಲಿ ನಿಲ್ಲುವುದಿಲ್ಲ, ಲೈನ್ ನೋಡಿಕೊಳ್ಳುವ ಎಂಜಿನಿಯರ್ ಬಳಿಗೆ ಹೋಗುತ್ತದೆ. ಆ ಅಂಕಿಯ ಅರ್ಥ ಅವರಿಗೆ ವಿವರಿಸಬೇಕಾಗಿಲ್ಲ. ಲೈನ್‌ಮ್ಯಾನ್ ಬಂದಾಗ ಮೋಡೆಮ್ ರೀಸೆಟ್ ಮಾಡಿ ಹೊರಡಲು ಬಿಡಬೇಡಿ. ಮೊದಲು ಕಂಬದ ಪೆಟ್ಟಿಗೆಯಲ್ಲಿ ಅಳೆಯಲಿ, ಆಮೇಲೆ ಅಂಗಡಿಯಲ್ಲಿ. ಎರಡರ ನಡುವೆ ಒಂದು ಅಂಕಿಯಷ್ಟು ವ್ಯತ್ಯಾಸವಿದ್ದರೆ ಸಹಜ. ಕಂಬದಲ್ಲಿ −20, ಅಂಗಡಿಯಲ್ಲಿ −24 ಬಂದರೆ ದೋಷ ನಿಮ್ಮ ಅಂಗಡಿಗೆ ಎಳೆದ ಫೈಬರಿನಲ್ಲಿ. ಅದನ್ನು ಬದಲಿಸಿದರೆ ಮುಗಿಯಿತು. ಕಂಬದಲ್ಲೇ −23 ಬಂದರೆ ದೋಷ ಅದಕ್ಕೂ ಹಿಂದೆ, ಸ್ಪ್ಲಿಟರಿನಲ್ಲೋ ಮುಖ್ಯ ಫೈಬರಿನ ಜಾಯಿಂಟಿನಲ್ಲೋ ಇದೆ. ಅದೇ ಪೆಟ್ಟಿಗೆಯಿಂದ ಲೈನ್ ಪಡೆದ ಅಕ್ಕಪಕ್ಕದ ಅಂಗಡಿಯವರಿಗೂ ಇದೇ ಕಾಟ ಇರಬಹುದು. ಅವರನ್ನು ವಿಚಾರಿಸಿ, ಅವರ ಗ್ರಾಹಕ ಸಂಖ್ಯೆಗಳನ್ನೂ ಸೇರಿಸಿ ಪತ್ರಕ್ಕೆ ಒಂದು ಸಾಲು ಹೆಚ್ಚಿಸಬಹುದು.

ಸರಿಪಡಿಸಿ ಹೋದ ಮೇಲೆ ಮೂರು ಪಿಂಗ್ ಕಿಟಕಿಗಳು ಇನ್ನೊಂದು ವಾರ ಓಡಲಿ. ಅಂಕಿ −21ರ ಆಸುಪಾಸಿಗೆ ಬಂದು, ಬಿಸಿಲೇರಿದ ಮೇಲೂ ಅಲ್ಲೇ ನಿಂತು, ಕಡಿತ ಆಗದಿದ್ದರೆ ‘ಇಂಥ ದಿನ ಸರಿಯಾಯಿತು, ಅಳತೆ ಇಷ್ಟು’ ಎಂದು ಕಂಪನಿಗೆ ಎರಡು ಸಾಲಿನ ಇಮೇಲ್ ನೀವೇ ಹಾಕಿ. ಮಳೆಗಾಲದಲ್ಲಿ ಪೆಟ್ಟಿಗೆಗೆ ನೀರು ಹೋಗಿ ಮತ್ತೆ ತೊಂದರೆ ಶುರುವಾದರೆ ಹೋಲಿಸಿ ನೋಡಲು ಆ ಅಳತೆ ಇಬ್ಬರ ಬಳಿಯೂ ಇರುತ್ತದೆ.